ಆಡ್ ಏಜೆನ್ಸಿಗೆ ತಿಂಗಳ ಫೀ ಕೊಡಬೇಕಾ, ಖರ್ಚಿನ ಶೇಕಡಾ ಕೊಡಬೇಕಾ, ಮಾರಾಟದಲ್ಲಿ ಪಾಲು ಕೊಡಬೇಕಾ?

ಮಲ್ಲೇಶ್ವರಂ ಸೀರೆ

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರಂನಲ್ಲಿ ನಮ್ಮದೊಂದು ಚಿಕ್ಕ ಸೀರೆ ಅಂಗಡಿ ಇದೆ. ಇಳಕಲ್ ಮತ್ತು ಕೈಮಗ್ಗದ ಕಾಟನ್ ಸೀರೆಗಳು. ಎರಡು ವರ್ಷದಿಂದ ವೆಬ್‌ಸೈಟಿನಲ್ಲೂ ಮಾರುತ್ತಿದ್ದೇವೆ. ಆಡ್ ಎಲ್ಲ ನನ್ನ ತಮ್ಮ ನೋಡಿಕೊಳ್ಳುತ್ತಿದ್ದ. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಈಗ ನನಗೆ ಕೈ ಕಟ್ಟಿದ ಹಾಗಾಗಿದೆ.

ಜುಲೈ ಲೆಕ್ಕ ಹೇಳುತ್ತೇನೆ. ಮೆಟಾ, ಗೂಗಲ್ ಸೇರಿ ಆಡ್ ಖರ್ಚು 3 ಲಕ್ಷ. ವೆಬ್‌ಸೈಟಿನಲ್ಲಿ 600 ಆರ್ಡರ್. ಒಂದು ಆರ್ಡರ್ ಸರಾಸರಿ 2,000 ರೂಪಾಯಿ. ಅಂದರೆ 12 ಲಕ್ಷ.

ಮೂರು ಏಜೆನ್ಸಿಗಳನ್ನು ಕೇಳಿದೆ. ಮೊದಲನೆಯವರು ತಿಂಗಳಿಗೆ 45,000 ಫಿಕ್ಸ್ ಎಂದರು. ಎರಡನೆಯವರು ಆಡ್ ಖರ್ಚಿನ ಶೇ 15 ಎಂದರು, ಈಗಿನ ಲೆಕ್ಕಕ್ಕೆ ಅದೂ 45,000 ಆಗುತ್ತೆ. ಮೂರನೆಯವರು ಫಿಕ್ಸ್ ಏನೂ ಬೇಡ, ಆಡ್‌ನಿಂದ ಬಂದ ಮಾರಾಟದಲ್ಲಿ ಶೇ 5 ಕೊಡಿ ಸಾಕು ಎಂದರು. ಮಾರಾಟ ಆಗದಿದ್ದರೆ ಒಂದು ರೂಪಾಯಿಯೂ ಬೇಡವಂತೆ.

ನನಗೆ ಮೂರನೆಯದೇ ಸರಿ ಅನ್ನಿಸುತ್ತಿದೆ. ನಮಗೆ ಏನೂ ರಿಸ್ಕ್ ಇಲ್ಲ ಅಲ್ವಾ? ಯಾಕೋ ಒಪ್ಪಿಕೊಳ್ಳುವ ಮುಂಚೆ ಇಲ್ಲಿ ಕೇಳೋಣ ಅನ್ನಿಸಿತು.

ಪಕ್ಕಾ ಪರ್ಫಾರ್ಮೆನ್ಸ್

ಕಣ್ಣು ಮುಚ್ಚಿ ಮೂರನೆಯದು ತಗೊಳ್ಳಿ ಮೇಡಂ. ಫಿಕ್ಸ್ ಫೀ ತಗೊಳ್ಳುವವರು ಮೊದಲ ತಿಂಗಳು ಕುಣಿಯುತ್ತಾರೆ, ಮೂರನೇ ತಿಂಗಳಿಂದ ನಿಮ್ಮ ಖಾತೆಯನ್ನು ಹೊಸ ಹುಡುಗನ ಕೈಗೆ ಕೊಟ್ಟು ಮಲಗುತ್ತಾರೆ. ಶೇ 15 ಅನ್ನುವವರಂತೂ ಬೇಡವೇ ಬೇಡ. ಅವರಿಗೆ ಗೂಗಲ್, ಮೆಟಾ ಕಡೆಯಿಂದ ಹೇಗೂ ಶೇ 15 ಕಮಿಷನ್ ಬರುತ್ತೆ. ನಿಮ್ಮ ಹತ್ತಿರ ಇನ್ನೊಂದು ಸಲ ಯಾಕೆ ತಗೊಳ್ಳಬೇಕು?

ಬಸವನಗುಡಿ ಬ್ಯೂರೋ

ತಡೀರಿ, ಕಮಿಷನ್ ವಿಷಯ ಅರ್ಧ ಸರಿ, ಅರ್ಧ ತಪ್ಪು. ನಾನು ಪತ್ರಿಕೆ ಜಾಹೀರಾತಿನ ಕಾಲದವನು. ಆಗ ಮಾನ್ಯತೆ ಇದ್ದ ಏಜೆನ್ಸಿಗೆ ಪತ್ರಿಕೆಯವರೇ ಶೇ 15 ಬಿಟ್ಟುಕೊಡುತ್ತಿದ್ದರು. ಒಂದು ಲಕ್ಷದ ಜಾಗಕ್ಕೆ ಗ್ರಾಹಕ ಒಂದು ಲಕ್ಷ ಕೊಡುತ್ತಿದ್ದ, ನಾವು ಪತ್ರಿಕೆಗೆ 85,000 ಕಟ್ಟುತ್ತಿದ್ದೆವು. ಶೇ 15 ಎಂಬ ಅಂಕಿ ಎಲ್ಲರ ಬಾಯಲ್ಲಿ ಕೂತಿದ್ದು ಅಲ್ಲಿಂದಲೇ. ಆದರೆ ಇಲ್ಲಿ ಮೇಡಂ ಕಾರ್ಡಿನಿಂದ ಗೂಗಲ್, ಮೆಟಾ ನೇರವಾಗಿ ಹಣ ಎಳೆದುಕೊಳ್ಳುತ್ತವೆ. ಪತ್ರಿಕೆಯವರು ಬಿಟ್ಟಂತೆ ಆ ಬಿಲ್ಲಿನಲ್ಲಿ ಯಾರೂ ಶೇ 15 ಬಿಡುವುದಿಲ್ಲ. ಅಂಕಿ ಹಳೆಯದೇ, ಕೊಡುವ ಜೇಬು ಬದಲಾಯಿತು.

ರಾಜಾಜಿನಗರ ಕ್ಲಿನಿಕ್

ನಂದೂ ಇದೇ ಪ್ರಶ್ನೆ. ಹಲ್ಲಿನ ಕ್ಲಿನಿಕ್ ಇದೆ. ಇನ್‌ಸ್ಟಾದಲ್ಲಿ ದಿನಕ್ಕೆ 500 ರೂಪಾಯಿ ಬೂಸ್ಟ್ ಮಾಡುತ್ತೇನೆ. ಲೈಕ್ ಬರುತ್ತೆ, ಪೇಶಂಟ್ ಬರಲ್ಲ. ಬೂಸ್ಟ್ ಎಷ್ಟಕ್ಕೆ ಏರಿಸಬೇಕು?

ಲೆಕ್ಕದ ಮನುಷ್ಯ

ಡಾಕ್ಟ್ರೇ, ನಿಮ್ಮದು ಬೇರೆ ಪ್ರಶ್ನೆ, ಆಮೇಲೆ ಬರುತ್ತೇನೆ.

ಮೇಡಂ, ಎಂಟು ವರ್ಷ ಏಜೆನ್ಸಿಯಲ್ಲಿದ್ದೆ, ಈಗ ಒಂದು ಬ್ರ್ಯಾಂಡಿನ ಒಳಗೇ ಇದೇ ಕೆಲಸ ಮಾಡುತ್ತೇನೆ. ಮೇಜಿನ ಎರಡೂ ಕಡೆ ಕೂತಿದ್ದೇನೆ. ಮೂರನೇ ಕೊಟೇಶನ್ನಿನಲ್ಲಿ ಒಂದು ಮಾತು ಹಿಡಿದುಕೊಳ್ಳಿ: "ಆಡ್‌ನಿಂದ ಬಂದ ಮಾರಾಟ". ಎಣಿಸುವವರು ಯಾರು? ಈ ನಾಲ್ಕು ನಂಬರ್ ಹೇಳಿ. ಜುಲೈನಲ್ಲಿ ಮೆಟಾ ಎಷ್ಟು ಆರ್ಡರ್ ತಂದೆ ಎಂದು ತೋರಿಸುತ್ತಿದೆ? ಗೂಗಲ್ ಎಷ್ಟು? 600ರಲ್ಲಿ ಎಷ್ಟು ಸಿಒಡಿ, ಅದರಲ್ಲಿ ಎಷ್ಟು ವಾಪಸ್ ಬಂದವು? ಹಳೇ ಗ್ರಾಹಕರು, ನಿಮ್ಮ ಅಂಗಡಿ ಹೆಸರು ಟೈಪ್ ಮಾಡಿ ಬಂದವರು ಎಷ್ಟು ಜನ?

ಮಲ್ಲೇಶ್ವರಂ ಸೀರೆ

ತಮ್ಮನಿಗೆ ಫೋನ್ ಮಾಡಿ ಎಲ್ಲ ತೆಗೆಸಿದೆ. ಮೆಟಾ 420 ತೋರಿಸುತ್ತಿದೆ, ಗೂಗಲ್ 230. ಸಿಒಡಿ 360, ಅದರಲ್ಲಿ 90 ವಾಪಸ್. ಹಳೇ ಗ್ರಾಹಕರು, ಹೆಸರು ಹುಡುಕಿ ಬಂದವರು ಸೇರಿ ತಲುಪಿದ ಆರ್ಡರ್‌ಗಳಲ್ಲಿ ಸುಮಾರು 200.

ಒಂದು ನಿಮಿಷ. 420ಕ್ಕೆ 230 ಕೂಡಿದರೆ 650 ಆಗುತ್ತಲ್ಲ? ನಮಗೆ ಬಂದಿದ್ದೇ 600!

ಲೆಕ್ಕದ ಮನುಷ್ಯ

ಅದೇ ನೋಡಿ. ಯಾರೂ ಸುಳ್ಳು ಹೇಳುತ್ತಿಲ್ಲ. ಸಾಮಾನ್ಯ ಸೆಟ್ಟಿಂಗಿನಲ್ಲಿ ಮೆಟಾ ಏನು ಮಾಡುತ್ತೆ ಅಂದರೆ, ಆಡ್ ಒತ್ತಿ 7 ದಿನದೊಳಗೆ, ಅಥವಾ ಸುಮ್ನೆ ನೋಡಿ 1 ದಿನದೊಳಗೆ ಕೊಂಡರೆ ಅದು ತನ್ನದು ಎಂದು ಬರೆದುಕೊಳ್ಳುತ್ತೆ. ಗೂಗಲ್ ಆಡ್ ಒತ್ತಿದ ಮೇಲೆ 30 ದಿನ ಕಾಯುತ್ತೆ. ಒಬ್ಬಾಕೆ ಭಾನುವಾರ ಇನ್‌ಸ್ಟಾದಲ್ಲಿ ನಿಮ್ಮ ಸೀರೆ ಒತ್ತಿ ನೋಡಿದಳು. ಮಂಗಳವಾರ ನಿಮ್ಮ ಅಂಗಡಿ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ, ಮೇಲೆ ಬಂದ ಆಡ್ ಒತ್ತಿ ಕೊಂಡಳು. ಸೀರೆ ಒಂದೇ, ಎರಡು ಕಡೆ ಹಾಜರಿ.

ಈಗ ಶೇ 5ರ ಲೆಕ್ಕ ಹಾಕೋಣ. ಡ್ಯಾಶ್‌ಬೋರ್ಡ್ ಹೇಳಿದಂತೆ 650 ಆರ್ಡರ್ ಎಂದರೆ 13 ಲಕ್ಷ, ಫೀ 65,000. ಗ್ರಾಹಕರ ಮನೆ ಸೇರಿ ಹಣ ಬಂದ 510 ಆರ್ಡರ್ ಮಾತ್ರ ಎಣಿಸಿದರೆ 10.2 ಲಕ್ಷ, ಫೀ 51,000. ಅದರಲ್ಲೂ ಹೇಗೂ ಬರುತ್ತಿದ್ದ 200 ಜನರನ್ನು ಬಿಟ್ಟು 310 ಹೊಸಬರನ್ನು ಎಣಿಸಿದರೆ 6.2 ಲಕ್ಷ, ಫೀ 31,000. ಮೂರಕ್ಕೂ ಅದೇ ಶೇ 5. ಕೊಟೇಶನ್ನಿನಲ್ಲಿ ಶೇಕಡಾ ನೋಡಿ ಚೌಕಾಸಿ ಮಾಡುತ್ತೇವೆ, ಯಾವುದರ ಶೇಕಡಾ ಎಂದು ಕೇಳುವುದನ್ನು ಮರೆಯುತ್ತೇವೆ.

ಇನ್ನೊಂದು. ಡ್ಯಾಶ್‌ಬೋರ್ಡ್ ಲೆಕ್ಕದ ಮೇಲೆ ಫೀ ಇದ್ದರೆ ಏಜೆನ್ಸಿ ಏನು ಮಾಡುತ್ತೆ ಗೊತ್ತಾ? ನಿಮ್ಮ ಅಂಗಡಿ ಹೆಸರಿನ ಮೇಲೆಯೇ ಗೂಗಲ್ ಆಡ್ ಹಾಕುತ್ತೆ. ಕಾರ್ಟಿನಲ್ಲಿ ಸೀರೆ ಬಿಟ್ಟುಹೋದವರ ಹಿಂದೆ ಮತ್ತೆ ಮತ್ತೆ ಆಡ್ ಓಡಿಸುತ್ತೆ. ಇವರು ಹೇಗೂ ಕೊಳ್ಳುವ ಜನ, ಆದ್ದರಿಂದ ರೋಆಸ್, ಅಂದರೆ ಆಡ್‌ಗೆ ಹಾಕಿದ ಒಂದು ರೂಪಾಯಿಗೆ ಎಷ್ಟು ರೂಪಾಯಿ ಮಾರಾಟ ಬಂತು ಎಂಬ ಅಂಕಿ, ಆಕಾಶಕ್ಕೆ ಏರುತ್ತೆ. ಕಂಡುಹಿಡಿಯುವುದು ಸುಲಭ. ಡ್ಯಾಶ್‌ಬೋರ್ಡಿನ ಮಾರಾಟ ಪ್ರತಿ ತಿಂಗಳು ಏರುತ್ತಿರುತ್ತೆ, ನಿಮ್ಮ ಬ್ಯಾಂಕಿಗೆ ಬರುವ ಹಣ ನಿಂತಲ್ಲೇ ನಿಂತಿರುತ್ತೆ.

ಟ್ಯಾಲಿ ಅಂಕಲ್

ನಡುವೆ ಒಂದು ಸಣ್ಣ ಮಾತು. ಎರಡನೇ ಕೊಟೇಶನ್ನಿನವರನ್ನು ಕೇಳಮ್ಮಾ, ಶೇ 15 ಜಿಎಸ್‌ಟಿಗೆ ಮುಂಚೆಯೋ ಆಮೇಲೆಯೋ ಎಂದು. 3 ಲಕ್ಷಕ್ಕೆ ಶೇ 18 ಸೇರಿದರೆ ಬಿಲ್ 3,54,000. ಅದರ ಮೇಲೆ ಶೇ 15 ಹಾಕಿದರೆ 53,100. ಸುಮ್ಮಸುಮ್ಮನೆ 8,100 ಜಾಸ್ತಿ. ನನ್ನ ಒಬ್ಬ ಕ್ಲೈಂಟ್ ಒಂದು ವರ್ಷ ಹೀಗೇ ಕಟ್ಟಿದ್ದರು. ಮೂರನೆಯವರಿಗೂ ಅಷ್ಟೇ, ಜಿಎಸ್‌ಟಿ ಮತ್ತು ಶಿಪ್ಪಿಂಗ್ ಚಾರ್ಜ್ ಕಳೆದ ಮೇಲಿನ ಮಾರಾಟ ಎಂದು ಬರೆಸಿ.

ಎಚ್‌ಎಸ್‌ಆರ್ ಏಜೆನ್ಸಿ

ಏಜೆನ್ಸಿ ಕಡೆಯ ಮಾತೂ ಯಾರಾದರೂ ಹೇಳಬೇಕಲ್ಲ. ನಮ್ಮದು ಆರು ಜನರ ಸಣ್ಣ ಆಫೀಸು. ಮಾರಾಟದ ಪಾಲಿಗೆ ಒಂದು ಸಲ ಒಪ್ಪಿ ಕೈ ಸುಟ್ಟುಕೊಂಡಿದ್ದೇನೆ.

ಒಂದು ಬಟ್ಟೆ ಬ್ರ್ಯಾಂಡ್, ಹೆಸರು ಬೇಡ. ಮೊದಲ ಆರು ವಾರ ಬರೀ ರಿಪೇರಿ ಕೆಲಸ. ಆರ್ಡರ್ ಆಯಿತು ಎಂದು ವೆಬ್‌ಸೈಟಿನಿಂದ ಮೆಟಾಗೆ ತಿಳಿಸುವ ಕೋಡ್, ಪಿಕ್ಸೆಲ್, ಒಂದೇ ಆರ್ಡರನ್ನು ಎರಡು ಸಲ ಕಳಿಸುತ್ತಿತ್ತು, ಕ್ಯಾಟಲಾಗಿನಲ್ಲಿ ಅರ್ಧ ಫೋಟೋ ಇರಲಿಲ್ಲ. ಅದಕ್ಕೆಲ್ಲ ನಮಗೆ ಬಂದಿದ್ದು ಸೊನ್ನೆ. ಏಳನೇ ವಾರ ಒಂದು ಕುರ್ತಾ ಚೆನ್ನಾಗಿ ಓಡೋಕೆ ಶುರುವಾಯಿತು. ಹತ್ತು ದಿನಕ್ಕೆ ಸ್ಟಾಕ್ ಖಾಲಿ. ಮಾಲೀಕರು ಮತ್ತೆ ತರಿಸಲು ಒಂದು ತಿಂಗಳು ತಗೊಂಡರು, ತಂದ ಮೇಲೆ ರೇಟ್ 200 ಏರಿಸಿದರು. ಮಾರಾಟ ಬಿತ್ತು, ನಮ್ಮ ಫೀಯೂ ಬಿತ್ತು. ಸ್ಟಾಕು, ರೇಟು, ವೆಬ್‌ಸೈಟು, ಡೆಲಿವರಿ ಯಾವುದೂ ನಮ್ಮ ಕೈಯಲ್ಲಿ ಇರಲಿಲ್ಲ. ಆದರೆ ಫಲಿತಾಂಶದ ಹೊಣೆ ಪೂರ್ತಿ ನಮ್ಮದು.

ಅದಕ್ಕೇ ಈಗ ಫಿಕ್ಸ್ ಫೀ ಇಲ್ಲದೆ ಯಾರನ್ನೂ ತಗೊಳ್ಳುವುದಿಲ್ಲ. "ಫಿಕ್ಸ್ ಬೇಡ" ಅನ್ನುವವರು ಒಂದೋ ತುಂಬ ಧೈರ್ಯಸ್ಥರು, ಇಲ್ಲವೇ ಈಗಾಗಲೇ ಓಡುತ್ತಿರುವ ಖಾತೆಯನ್ನೇ ಆರಿಸಿಕೊಳ್ಳುವವರು. ಮೇಡಂ ಖಾತೆ ಓಡುತ್ತಿದೆ. ಮೊದಲ ದಿನದಿಂದಲೇ ಹಳೇ ಮಾರಾಟಕ್ಕೂ ಶೇ 5 ಸಿಗುತ್ತೆ. ಧೈರ್ಯ ಏನು ಬೇಕು ಅದಕ್ಕೆ?

ಪಕ್ಕಾ ಪರ್ಫಾರ್ಮೆನ್ಸ್

ಸರಿ ಸರ್, ಎಣಿಕೆ ಸರಿ ಮಾಡಿಕೊಳ್ಳಲಿ. ತಲುಪಿದ ಆರ್ಡರ್ ಮೇಲೆ ಮಾತ್ರ ಶೇ 5. ಆಗಲಾದರೂ ಇದೇ ಬೆಸ್ಟ್ ತಾನೇ? ಶೇ 15 ತಗೊಳ್ಳುವವನು ಖರ್ಚು ಏರಿಸಲು ನೋಡುತ್ತಾನೆ, ಇವನು ಮಾರಾಟ ಏರಿಸಲು ನೋಡುತ್ತಾನೆ. ಎರಡಕ್ಕೂ ಅಜಗಜಾಂತರ.

ಲೆಕ್ಕದ ಮನುಷ್ಯ

ಇಲ್ಲೇ ಎಲ್ಲರೂ ಎಡವುವುದು. ಎರಡಕ್ಕೂ ಅಂತರ ನೀವು ಅಂದುಕೊಂಡಷ್ಟಿಲ್ಲ. ಮೇಡಂ, ಜುಲೈಗೂ ಮುಂಚೆ ಖರ್ಚು ಕಡಿಮೆ ಇದ್ದ ತಿಂಗಳು ಯಾವುದಾದರೂ ಇದೆಯಾ? ಸೀರೆಯ ಖರೀದಿ ಬೆಲೆ, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದು ನೂರಕ್ಕೆ ಎಷ್ಟು ಉಳಿಯುತ್ತೆ?

ಮಲ್ಲೇಶ್ವರಂ ಸೀರೆ

ಜೂನ್‌ನಲ್ಲಿ 2 ಲಕ್ಷ ಖರ್ಚು. ತಲುಪಿದ ಮಾರಾಟ 8.4 ಲಕ್ಷ. ನೂರಕ್ಕೆ 40 ಉಳಿಯುತ್ತೆ, ಬಾಡಿಗೆ ಮತ್ತು ಸಂಬಳಕ್ಕೆ ಮುಂಚೆ.

ಲೆಕ್ಕದ ಮನುಷ್ಯ

ಜೂನ್ ತಗೊಳ್ಳಿ. 8.4 ಲಕ್ಷದಲ್ಲಿ ಶೇ 40 ಅಂದರೆ 3.36 ಲಕ್ಷ. ಆಡ್ 2 ಲಕ್ಷ ಕಳೆದರೆ ಕೈಯಲ್ಲಿ 1.36 ಲಕ್ಷ.

ಜುಲೈ. 10.2 ಲಕ್ಷದಲ್ಲಿ ಶೇ 40 ಅಂದರೆ 4.08 ಲಕ್ಷ. ಆಡ್ 3 ಲಕ್ಷ ಕಳೆದರೆ 1.08 ಲಕ್ಷ.

ಒಂದು ಲಕ್ಷ ಜಾಸ್ತಿ ಸುರಿದು ತಿಂಗಳ ಕೊನೆಗೆ 28,000 ಕಡಿಮೆ ಮನೆಗೆ ತಂದಿರಿ. ಜುಲೈ ರೋಆಸ್ 3.4, ನೋಡಲು ಚೆನ್ನಾಗಿಯೇ ಇದೆ. ಆದರೆ ಅದು ಸರಾಸರಿ. ಕೊನೆಯ ಒಂದು ಲಕ್ಷ ತಂದಿದ್ದು 1.8 ಲಕ್ಷದ ಮಾರಾಟ ಮಾತ್ರ, ಅದರಲ್ಲಿ ಉಳಿದಿದ್ದು 72,000. ಶೇ 40 ಉಳಿಯುವ ವ್ಯಾಪಾರದಲ್ಲಿ ಹಾಕಿದ ಒಂದು ರೂಪಾಯಿ ಎರಡೂವರೆ ರೂಪಾಯಿ ಮಾರಾಟ ತರದಿದ್ದರೆ ನಷ್ಟ.

ಈಗ ಮೂರು ಏಜೆನ್ಸಿಯವರೂ ಆ ಕೊನೆಯ ಒಂದು ಲಕ್ಷವನ್ನು ಹೇಗೆ ನೋಡುತ್ತಾರೆ ಯೋಚಿಸಿ. ಶೇ 15ರವರಿಗೆ 15,000 ಜಾಸ್ತಿ ಬಂತು. ಶೇ 5 ಮಾರಾಟದವರಿಗೆ 1.8 ಲಕ್ಷದ ಮೇಲೆ 9,000 ಜಾಸ್ತಿ ಬಂತು. ಆಡ್ ಹಣ ನಿಮ್ಮದು, ಆದ್ದರಿಂದ ನಷ್ಟದ ಮಾರಾಟವೂ ಅವರಿಗೆ ಲಾಭವೇ. ಮಾರಾಟದ ಪಾಲು ಎಂಬುದು ಖರ್ಚಿನ ಶೇಕಡಾಗೆ ಖಾಸಾ ತಮ್ಮ. ಬೇರೆ ಅಂಗಿ ಹಾಕಿಕೊಂಡಿದೆ ಅಷ್ಟೇ. ಫಿಕ್ಸ್ ಫೀಯವರಿಗೆ ಮಾತ್ರ ಏರಿಸಿದರೂ ಒಂದೇ, ಇಳಿಸಿದರೂ ಒಂದೇ. "ಮೇಡಂ, 2 ಲಕ್ಷಕ್ಕೆ ನಿಲ್ಲಿಸಿ" ಎಂದು ಬಾಯಿಬಿಟ್ಟು ಹೇಳಲು ಅವರೊಬ್ಬರಿಗೇ ಏನೂ ಕಳೆದುಕೊಳ್ಳಬೇಕಿಲ್ಲ.

ಸುಮ್ನೆ ಓದುವವಳು

ಅಯ್ಯೋ, ಜುಲೈ ಅಂದರೆ ಆಷಾಢ ಅಲ್ವಾ ಸರ್? ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಸೀರೆ ಯಾರು ತಗೊಳ್ಳುತ್ತಾರೆ? ಅದನ್ನು ಜೂನ್ ಜೊತೆ ಹೋಲಿಸಿದರೆ ಆಡ್ ಖರ್ಚು ಮಾಡಿದ್ದೋ, ಪಂಚಾಂಗ ಮಾಡಿದ್ದೋ ಗೊತ್ತಾಗುವುದು ಹೇಗೆ?

ಲೆಕ್ಕದ ಮನುಷ್ಯ

ಒಪ್ಪಿದೆ, ಒಳ್ಳೇ ಪೆಟ್ಟು. ಎರಡು ತಿಂಗಳ ಹೋಲಿಕೆ ಸಾಕ್ಷಿ ಅಲ್ಲ, ಅನುಮಾನ ಅಷ್ಟೇ. ಸರಿಯಾಗಿ ನೋಡಬೇಕು ಅಂದರೆ ಹಬ್ಬ ಇಲ್ಲದ ನಾಲ್ಕು ವಾರ ಬೇಕು. ಎರಡು ವಾರ ಈಗಿನ ಬಜೆಟ್, ಎರಡು ವಾರ ಮೂರನೇ ಒಂದು ಭಾಗ ಕಡಿಮೆ. ಆಗ ಮಾರಾಟ ಎಷ್ಟು ಬೀಳುತ್ತೆ ಎಂದು ಬ್ಯಾಂಕ್ ಮತ್ತು ಕೊರಿಯರ್ ಲೆಕ್ಕದಲ್ಲಿ ನೋಡಿ, ಡ್ಯಾಶ್‌ಬೋರ್ಡಿನಲ್ಲಿ ಅಲ್ಲ. ಬಜೆಟ್ ಒಂದೇ ದಿನ ಕತ್ತರಿಸಬೇಡಿ. ಮೆಟಾದಲ್ಲಿ ದೊಡ್ಡ ಬದಲಾವಣೆ ಮಾಡಿದರೆ ಆಡ್ ಸೆಟ್ ಮತ್ತೆ ಕಲಿಯುವ ಹಂತಕ್ಕೆ ಹೋಗುತ್ತೆ. ಆ ದಿನಗಳ ಅಂಕಿ ನಂಬುವ ಹಾಗಿರಲ್ಲ.

ಎಚ್‌ಎಸ್‌ಆರ್ ಏಜೆನ್ಸಿ

ಲೆಕ್ಕ ಚೆನ್ನಾಗಿದೆ, ಆದರೆ ಒಂದು ಕಡೆ ನಾನು ಒಪ್ಪುವುದಿಲ್ಲ. ಜುಲೈನಲ್ಲಿ ಬಂದ ಹೊಸ ಗ್ರಾಹಕರು ದಸರಾಗೆ ಮತ್ತೆ ಬರುವುದಿಲ್ಲವೇ? ವರಮಹಾಲಕ್ಷ್ಮಿ ಹಬ್ಬಕ್ಕೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಹಾಕಿದರೆ ಆಡ್ ಇಲ್ಲದೆಯೇ ಕೊಳ್ಳುತ್ತಾರೆ. ಆ 28,000 ನಷ್ಟ ಅಲ್ಲ, ಬಿತ್ತನೆ ಇರಬಹುದು.

ಲೆಕ್ಕದ ಮನುಷ್ಯ

ಇರಬಹುದು. ಆದರೆ ಬಿತ್ತನೆ ಅನ್ನುವವರು ಬೆಳೆ ಲೆಕ್ಕವನ್ನೂ ಕೊಡಬೇಕು. ಕಳೆದ ವರ್ಷ ಇದೇ ತಿಂಗಳು ಬಂದವರಲ್ಲಿ ನೂರಕ್ಕೆ ಎಷ್ಟು ಜನ ಮತ್ತೆ ಕೊಂಡರು ಎಂದು ಮೇಡಂ ತಮ್ಮ ಪಟ್ಟಿಯಲ್ಲಿ ತೆಗೆಯಬಹುದು. ಆ ನಂಬರ್ ಇಲ್ಲದೆ ಈ ಜಗಳ ತೀರಲ್ಲ.

ಡಾಕ್ಟ್ರೇ, ಮರೆತಿಲ್ಲ. ತಿಂಗಳಿಗೆ 15,000 ಖರ್ಚು ನಿಮ್ಮದು. ಅದರ ಶೇ 15 ಅಂದರೆ 2,250. ಆ ದುಡ್ಡಿಗೆ ಯಾರೂ ನಿಮ್ಮ ಖಾತೆಯನ್ನು ಸರಿಯಾಗಿ ನೋಡಲ್ಲ. ಯಾರನ್ನಾದರೂ ಒಂದು ಸಲ ಫೀ ಕೊಟ್ಟು ಸೆಟಪ್ ಮಾಡಿಸಿಕೊಳ್ಳಿ. ಬೂಸ್ಟ್ ಬಿಟ್ಟು, ನಿಮ್ಮ ಏರಿಯಾದಲ್ಲಿ ಹಲ್ಲಿನ ಡಾಕ್ಟರನ್ನು ಹುಡುಕುವವರಿಗೆ ಗೂಗಲ್ ಸರ್ಚ್ ಆಡ್ ಹಾಕಿಸಿ.

ರಾಜಾಜಿನಗರ ಕ್ಲಿನಿಕ್

ಥ್ಯಾಂಕ್ಸ್. ನನಗೆ ಒಬ್ಬರು ಒಂದು ಲೀಡಿಗೆ, ಅಂದರೆ ಆಡ್ ನೋಡಿ ಹೆಸರು, ನಂಬರ್ ಕೊಟ್ಟ ಒಬ್ಬರಿಗೆ, 150 ರೂಪಾಯಿ ಎಂದರು. ಅದು?

ಎಚ್‌ಎಸ್‌ಆರ್ ಏಜೆನ್ಸಿ

ಹುಷಾರು ಡಾಕ್ಟ್ರೇ. ಲೀಡ್ ಎಣಿಸಿ ದುಡ್ಡು ಅಂದ ತಕ್ಷಣ ಫಾರ್ಮ್ ಸಣ್ಣದಾಗುತ್ತೆ. ಮೆಟಾ ಫಾರ್ಮಿನಲ್ಲಿ ಹೆಸರು, ನಂಬರ್ ತಾನಾಗಿಯೇ ತುಂಬಿಕೊಳ್ಳುತ್ತೆ. ಜನ ಸ್ಕ್ರಾಲ್ ಮಾಡುತ್ತಾ ಬೆರಳು ತಾಗಿಸಿ ಹೋಗುತ್ತಾರೆ. ನಿಮ್ಮ ರಿಸೆಪ್ಶನ್ ಹುಡುಗಿ ಫೋನ್ ಮಾಡಿದರೆ "ಯಾವ ಕ್ಲಿನಿಕ್? ನಾನು ಕೇಳೇ ಇಲ್ಲ" ಅನ್ನುತ್ತಾರೆ. ಫಾರ್ಮ್ ಟೈಪಿನಲ್ಲಿ `More volume` ಬದಲು `Higher intent` ಇಡಲು ಹೇಳಿ, ಕಳಿಸುವ ಮುಂಚೆ ಇನ್ನೊಂದು ಸಲ ನೋಡಿ ಒಪ್ಪಬೇಕಾಗುತ್ತೆ. ಲೀಡ್ ಸಂಖ್ಯೆ ಬೀಳುತ್ತೆ. ಒಂದು ಲೀಡಿಗೆ 150 ಅನ್ನುವವರು ಅದಕ್ಕೆ ಒಪ್ಪುತ್ತಾರಾ ನೋಡಿ, ಅಲ್ಲೇ ಗೊತ್ತಾಗುತ್ತೆ. ಬೇಕಿದ್ದರೆ ಕ್ಲಿನಿಕ್ಕಿಗೆ ಬಂದು ಕುರ್ಚಿಯಲ್ಲಿ ಕೂತ ಪೇಶಂಟಿಗೆ ಇಷ್ಟು ಎಂದು ಮಾತಾಡಿ. ಆದರೆ ಆಗ ನಿಮ್ಮವರು ಹತ್ತು ನಿಮಿಷದಲ್ಲಿ ಫೋನ್ ಮಾಡಲೇಬೇಕು. ಮೂರು ದಿನ ಬಿಟ್ಟು ಮಾಡಿ "ಲೀಡ್ ಸರಿ ಇಲ್ಲ" ಅಂದರೆ ಏಜೆನ್ಸಿಯವರು ಅಳುತ್ತಾರೆ. ನಾನು ಅತ್ತಿದ್ದೇನೆ.

ಮಲ್ಲೇಶ್ವರಂ ಸೀರೆ

ಹಾಗಾದರೆ ನಾನು ಫಿಕ್ಸ್ ಫೀಗೆ ಹೋಗಲಾ? ಮೊದಲೇ ಹೇಳಿದರಲ್ಲ, ಮೂರನೇ ತಿಂಗಳು ಮಲಗುತ್ತಾರೆ ಎಂದು. ಆ ಭಯ ನನಗೂ ಇದೆ.

ಲೆಕ್ಕದ ಮನುಷ್ಯ

ಆ ಭಯ ನಿಜ. ಮಲಗಿದ್ದಾರಾ ಎಂದು ನೋಡಲು ಗೂಗಲ್ ಆಡ್ಸ್‌ನಲ್ಲಿ `Change history` ಇದೆ. ಮೆಟಾದಲ್ಲೂ ಯಾರು ಯಾವಾಗ ಏನು ಬದಲಿಸಿದರು ಎಂಬ ಪಟ್ಟಿ ಸಿಗುತ್ತೆ. ಸಂಖ್ಯೆ ನೋಡಿ ಮರುಳಾಗಬೇಡಿ. ಬಿಡ್ಡನ್ನು ಹತ್ತು ಪೈಸೆ ಏರಿಸಿ ಇಳಿಸಿದರೂ ಅಲ್ಲಿ ಸಾಲು ಬೆಳೆಯುತ್ತೆ. ಗೂಗಲ್ ತಾನಾಗಿಯೇ ಜಾರಿ ಮಾಡಿದ ಸಲಹೆಗಳೂ ಅಲ್ಲೇ ಕಾಣುತ್ತವೆ. ಹೊಸ ಆಡ್ ಎಷ್ಟು ಬಂತು, ಬೇಡದ ಹುಡುಕಾಟದ ಪದಗಳನ್ನು ತೆಗೆದರಾ, ಅಷ್ಟು ನೋಡಿ. ಇದಕ್ಕೆಲ್ಲ ಖಾತೆ ನಿಮ್ಮ ಹೆಸರಲ್ಲಿ ಇರಬೇಕು, ಅವರಿಗೆ ಪ್ರವೇಶ ಮಾತ್ರ ಕೊಡಿ. ಖಾತೆ ಅವರದಾದರೆ ಬಿಟ್ಟುಹೋಗುವ ದಿನ ಇತಿಹಾಸವೂ ಅವರ ಜೊತೆಗೇ ಹೋಗುತ್ತೆ.

ನಾನಾದರೆ ಹೀಗೆ ಮಾಡುತ್ತಿದ್ದೆ. ತಿಂಗಳಿಗೆ 30,000 ಫಿಕ್ಸ್. ಅದರ ಮೇಲೆ, ತಲುಪಿದ ಮಾರಾಟದ ಶೇ 40ರಿಂದ ಆಡ್ ಖರ್ಚು ಕಳೆದು ಉಳಿದಿದ್ದರಲ್ಲಿ ಶೇ 15. ಜೂನ್ ಲೆಕ್ಕಕ್ಕೆ 1.36 ಲಕ್ಷದ ಶೇ 15 ಅಂದರೆ 20,400, ಒಟ್ಟು 50,400. ಜುಲೈಗೆ 1.08 ಲಕ್ಷದ ಶೇ 15 ಅಂದರೆ 16,200, ಒಟ್ಟು 46,200. ಖರ್ಚು ಏರಿಸಿ ನಿಮ್ಮ ಲಾಭ ಕಡಿಮೆ ಮಾಡಿದರೆ ಅವರದೂ ಕಡಿಮೆ. ಶೇ 40 ಎಂಬುದನ್ನು ಒಪ್ಪಂದದಲ್ಲೇ ಬರೆದುಬಿಡಿ, ಆಗ ನಿಮ್ಮ ಟ್ಯಾಲಿ ತೆಗೆದು ತೋರಿಸಬೇಕಿಲ್ಲ, ಅವರು ಅನುಮಾನ ಪಡಬೇಕಿಲ್ಲ.

ಎಚ್‌ಎಸ್‌ಆರ್ ಏಜೆನ್ಸಿ

ಇದಕ್ಕೆ ನಾನು ಸಹಿ ಹಾಕುತ್ತೇನೆ, ಆದರೆ ಇದರಲ್ಲೂ ತೂತು ಇದೆ. ಉಳಿದಿದ್ದರ ಪಾಲು ಅಂದರೆ ಏಜೆನ್ಸಿ ಹೊಸಬರ ಆಡ್ ನಿಲ್ಲಿಸಿ ಬರೀ ಹಳಬರಿಗೆ ಮಾರುತ್ತೆ. ಎರಡು ಮೂರು ತಿಂಗಳು ಲಾಭ ಹೊಳೆಯುತ್ತೆ, ಆಮೇಲೆ ಬಾವಿ ಒಣಗುತ್ತೆ. ತಿಂಗಳಿಗೆ ಕನಿಷ್ಠ ಇಷ್ಟು ಹೊಸ ಗ್ರಾಹಕರು ಎಂದೂ ಬರೆಸಿ. ನಮ್ಮ ಕಡೆಯಿಂದ ಒಂದು ಷರತ್ತು: ಹೆಚ್ಚು ಓಡುವ ಹತ್ತು ಸೀರೆಗಳ ಸ್ಟಾಕ್ ಒಂದು ವಾರಕ್ಕಿಂತ ಜಾಸ್ತಿ ಖಾಲಿ ಇದ್ದರೆ ಆ ತಿಂಗಳು 45,000 ಫಿಕ್ಸ್.

ಟ್ಯಾಲಿ ಅಂಕಲ್

ತಲುಪಿದ ಮಾರಾಟ ಎಂದು ಯಾವ ತಾರೀಕಿಗೆ ಎಣಿಸುತ್ತೀರಿ? 28ಕ್ಕೆ ಹೋದ ಸಿಒಡಿ ಮುಂದಿನ ತಿಂಗಳು 9ಕ್ಕೆ ವಾಪಸ್ ಬರುತ್ತೆ. ಬಿಲ್ ಮುಂದಿನ ತಿಂಗಳು 20ಕ್ಕೆ ಮಾಡಿ, ಕೊರಿಯರ್‌ನವರ ಆರ್‌ಟಿಒ ಪಟ್ಟಿ ಬಂದ ಮೇಲೆ. (ಆರ್‌ಟಿಒ ಅಂದರೆ ಕೋರಮಂಗಲದ್ದಲ್ಲ, ವಾಪಸ್ ಬಂದ ಪಾರ್ಸಲ್!)

ಪಕ್ಕಾ ಪರ್ಫಾರ್ಮೆನ್ಸ್

ನಾನು ಈಗಲೂ ಫಿಕ್ಸ್ ಕೊಡಲ್ಲಪ್ಪ. ಆದರೆ ಆ 15,000 ಮತ್ತು 9,000 ಲೆಕ್ಕ ನೋಡಿ ಸ್ವಲ್ಪ ನಿದ್ದೆ ಕೆಟ್ಟಿತು.

ಮಲ್ಲೇಶ್ವರಂ ಸೀರೆ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೂರನೆಯವರಿಗೆ ತಲುಪಿದ ಆರ್ಡರ್, ಹೊಸ ಗ್ರಾಹಕರು ಮಾತ್ರ ಎಂದೆ. ಹಾಗಾದರೆ ಶೇ 8 ಬೇಕು ಎಂದರು. 6.2 ಲಕ್ಷಕ್ಕೆ 49,600, ತಿರುಗಿ ಅಲ್ಲಿಗೇ ಬಂತು. ಮೊದಲನೆಯವರ ಜೊತೆ 30,000 ಮತ್ತು ಉಳಿಕೆಯ ಶೇ 15ಕ್ಕೆ ಮೂರು ತಿಂಗಳ ಮಾತಾಗಿದೆ. ಸ್ಟಾಕ್ ಷರತ್ತನ್ನು ಅವರೇ ಕೇಳಿದರು, ಒಪ್ಪಿದೆ. ಹೊಸ ಗ್ರಾಹಕರು ತಿಂಗಳಿಗೆ 250 ಎಂದು ಬರೆದಿದ್ದೇವೆ.

ಒಂದೇ ಒಂದು ಬಾಕಿ ಇದೆ. ನಿನ್ನೆ ಒಬ್ಬರು ಅಂಗಡಿಗೆ ಬಂದು ಫೋನ್ ತೋರಿಸಿ "ಈ ಇಳಕಲ್ ಸೀರೆ ಇದೆಯಾ" ಎಂದು ಕೇಳಿದರು. ನೋಡಿದರೆ ನಮ್ಮದೇ ಆಡ್. ಎರಡು ಸೀರೆ ತಗೊಂಡು ಕ್ಯಾಶ್ ಕೊಟ್ಟು ಹೋದರು. ಏಜೆನ್ಸಿಯವರು ಅದೂ ನಮ್ಮ ಲೆಕ್ಕಕ್ಕೇ ಬರಬೇಕು ಅನ್ನುತ್ತಾರೆ. ನಮ್ಮ ಯಜಮಾನರು ಒಪ್ಪುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಬಸವನಗುಡಿ ಬ್ಯೂರೋ

ನಮ್ಮ ಕಾಲದಲ್ಲಿ ಪೇಪರ್ ಕತ್ತರಿಸಿಕೊಂಡು ಬರುತ್ತಿದ್ದರು. ಕೌಂಟರಿನಲ್ಲಿ ಒಂದು ಡಬ್ಬಿ ಇಟ್ಟು ಆ ತುಂಡುಗಳನ್ನು ಅದರಲ್ಲಿ ಹಾಕಿಸುತ್ತಿದ್ದೆವು. ನೀವೂ ಕ್ಯಾಶ್ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟು, ಫೋನ್ ತೋರಿಸಿ ಕೇಳಿದವರಿಗೆಲ್ಲ ಒಂದು ಗೆರೆ ಎಳೆಯಿರಿ. ಪಾಲು ಕೊಡುವ ಮಾತು ಆ ನೋಟ್‌ಬುಕ್ ನೋಡಿಕೊಂಡು ಮುಂದಿನ ತಿಂಗಳು ಆಡಬಹುದು.